ಸಣ್ಣ ಕಾರ್ಯಾಗಾರದ ಮಾಡಿಗೆ ಯಾವ ಹೊದಿಕೆ?

ಮಾಡಿನ ಹೊದಿಕೆಯನ್ನು ಕೊಳ್ಳುವಾಗ ನಾವು ಸಾಮಾನ್ಯವಾಗಿ ಬೆಲೆಯನ್ನೇ ಮೊದಲು ವಿಚಾರಿಸುತ್ತೇವೆ. ಆದರೆ ಮೊದಲು ವಿಚಾರಿಸಬೇಕಾದುದು ಅದರ ತೂಕವನ್ನು. ಕಾಸರಗೋಡಿನ ಕಡಲ ಬದಿಯಲ್ಲಿ ಒಂದು ಬಡಗಿಯ ಕಾರ್ಯಾಗಾರವಿದೆಯೆಂದು ಭಾವಿಸೋಣ. ಅದು 6 ಮೀಟರು ಉದ್ದ, 4 ಮೀಟರು ಅಗಲ. ಸುತ್ತಲೂ ಅರ್ಧ ಮೀಟರು ಚಾಚಿದ ಇಮ್ಮಡಿ ಇಳಿಜಾರಿನ ಮಾಡು. ಇಳಿಜಾರು 30 ಡಿಗ್ರಿ. ಆಗ ಹೊದಿಸಬೇಕಾದ ಮೈ ಸುಮಾರು 40 ಚದರ ಮೀಟರು.

ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು 15 ಬೇಕು. ತೂಕ ಸುಮಾರು 40 ಕಿಲೋಗ್ರಾಂ. ಇಡೀ ಮಾಡಿಗೆ 600 ಹೆಂಚು, 1,600 ಕಿಲೋಗ್ರಾಂ ಭಾರ. ನಾರುಸಿಮೆಂಟಿನ ಹಾಳೆಗಳಾದರೆ ಸುಮಾರು 600 ಕಿಲೋಗ್ರಾಂ. ಸತು ಲೇಪಿಸಿದ ತಗಡಾದರೆ ಸುಮಾರು 200 ಮಾತ್ರ.

ಹಗುರವಾದುದೇ ಮೇಲೆಂದು ತೋರಬಹುದು. ಆದರೆ ಬಿರುಗಾಳಿಯು ಮಾಡನ್ನು ಮೇಲಕ್ಕೆ ಎಳೆಯುತ್ತದೆ; ಆ ಎಳೆತ ಚದರ ಮೀಟರಿಗೆ 50 ಕಿಲೋಗ್ರಾಂ ಭಾರವನ್ನು ಮೀರಬಲ್ಲದು. ಹೆಂಚು ತನ್ನ ಭಾರದಿಂದ ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ಹೆಂಚುಗಳ ಸಂದುಗಳಿಂದ ಗಾಳಿಯು ಹಾದುಹೋಗುವುದರಿಂದಲೂ ಒತ್ತಡ ತಗ್ಗುತ್ತದೆ. 5 ಕಿಲೋಗ್ರಾಮಿನ ತಗಡಿಗೆ ಈ ಬಲವಿಲ್ಲ. ಆದುದರಿಂದ ಹಳೆಯ ಹೆಂಚನ್ನು ತೆಗೆದು ತಗಡು ಹಾಕುವವರು ತಗಡನ್ನು ಜಂತಿಗೂ, ಜಂತಿಯನ್ನು ಪಕ್ಕಾಸಿಗೂ, ಪಕ್ಕಾಸನ್ನು ಗೋಡೆಗೂ ಬಿಗಿಯಲೇಬೇಕು. ತಗಡಿನ ತಿರುಪುಗಳು ಅಲೆಯ ಏರಿನಲ್ಲಿರಲಿ. ತಗ್ಗಿನಲ್ಲಿದ್ದರೆ ಅಲ್ಲಿ ಹರಿಯುವ ನೀರು ಒಳಗೆ ಸೋರುತ್ತದೆ. ಉಪ್ಪುಗಾಳಿಯಲ್ಲಿ ತಗಡು ಕತ್ತರಿಸಿದ ಅಂಚಿನಿಂದಲೇ ತುಕ್ಕು ಹಿಡಿಯತೊಡಗುತ್ತದೆ. ದಪ್ಪ ಸತುಲೇಪದ್ದನ್ನೇ ಕೇಳಿ ಕೊಳ್ಳಬೇಕು.

ನಾರುಸಿಮೆಂಟಿನ ಹಾಳೆಗೆ ತುಕ್ಕಿಲ್ಲ. ಮಳೆಯ ಸದ್ದೂ ಕಡಿಮೆ. ಆದರೆ ಅದು ನೇರವಾಗಿ ಮೆಟ್ಟಿದರೆ ಥಟ್ಟನೆ ಒಡೆಯುತ್ತದೆ. ಕೆಳಗೆ ಬಿದ್ದು ಪ್ರಾಣ ಕಳೆದುಕೊಂಡವರುಂಟು. ಜಂತಿಗಳ ಮೇಲೆ ಅಡ್ಡ ಹಲಗೆಯಿಟ್ಟೇ ನಡೆಯಬೇಕು. ಕಲ್ನಾರು ಬೆರೆತ ಹಾಳೆಯ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ. ಹಾಳೆಯಲ್ಲಿ ಕಲ್ನಾರಿದೆಯೇ ಎಂದು ಅಂಗಡಿಯಲ್ಲಿ ಕೇಳಿ, ಇಲ್ಲದ್ದನ್ನೇ ಕೊಳ್ಳುವುದು ಲೇಸು. ಹಳೆಯ ಹಾಳೆಗಳನ್ನು ಗರಗಸದಿಂದ ಕೊಯ್ಯಬಾರದು, ತೂತು ಕೊರೆಯಲೂ ಬಾರದು.

ಪಾಲಿಕಾರ್ಬೊನೇಟನ್ನು ಇಡೀ ಮಾಡಿಗೆ ಹಾಕಿದರೆ ಕೆಳಗೆ ಸೆಕೆ ತಡೆಯಲಾಗದು. ಬೆಳಕಿಗಾಗಿ ಒಂದೆರಡು ಹಾಳೆ ಸಾಕು. 3 ಮೀಟರಿನ ಹಾಳೆ, ಶಾಖವು 30 ಡಿಗ್ರಿ ಏರಿದಾಗ ಸುಮಾರು 6 ಮಿಲಿಮೀಟರು ಹಿಗ್ಗುತ್ತದೆ. ತೂತು ತಿರುಪಿಗಿಂತ ಅಗಲವಾಗಿರದಿದ್ದರೆ ಹಾಳೆಯು ತೂತಿನ ಬಳಿ ಸೀಳುತ್ತದೆ. ಬಿಸಿಲು ತಡೆಯುವ ಲೇಪವಿರುವ ಮುಖ ಆಕಾಶದತ್ತ ಇರಬೇಕು.

ನಮ್ಮ ಬಡಗಿಗೆ ಯಾವುದು ತಕ್ಕುದು? ಮೊದಲು ಪಕ್ಕಾಸನ್ನು ನೋಡೋಣ. ಮಾಡಿನ ಅಂಚಿನಿಂದ ಕಣ್ಣಳತೆಯಲ್ಲಿ ನೋಡಿದಾಗ ಅದು ಬಾಗಿರಬಾರದು. ಗೋಡೆಯ ಮೇಲೆ ಕುಳಿತ ತುದಿಗೆ ಚೂರಿಯ ಮೊನೆ ಒತ್ತಿದರೆ ಸುಲಭವಾಗಿ ಇಳಿಯಬಾರದು. ಪಕ್ಕಾಸೂ ಗೋಡೆಯೂ ಗಟ್ಟಿಯಿದ್ದರೆ ಹೆಂಚೇ ಮೇಲು: ಉಪ್ಪುಗಾಳಿಗೆ ತುಕ್ಕು ಹಿಡಿಯದು, ಒಡೆದರೆ ಒಂದನ್ನೇ ಬದಲಿಸಬಹುದು, ಬೆಳಕಿಗೆ ನಾಲ್ಕಾರು ಗಾಜಿನ ಹೆಂಚುಗಳನ್ನು ನಡುವೆ ಸೇರಿಸಬಹುದು. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ನಿನವರು ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಈ ಕರಾವಳಿಯ ಮಳೆಗೆ ಹೆಂಚು ನಿಂತು ತೋರಿಸಿದೆ. ಪಕ್ಕಾಸು ಬಾಗಿದ್ದರೆ, ಅದನ್ನು ಬದಲಿಸುವ ಖರ್ಚನ್ನೂ ಕೂಡಿಸಿ ನೋಡಬೇಕು. ಆ ಮೊತ್ತ ಮೀರಿದ್ದಾದರೆ ಮಾತ್ರ, ದುರ್ಬಲ ಪಕ್ಕಾಸುಗಳನ್ನು ತೆಗೆದು, ಕಬ್ಬಿಣದ ಚೌಕಟ್ಟಿಗೆ ಬಿಗಿದ ದಪ್ಪ ಲೇಪದ ತಗಡನ್ನು ಆರಿಸಿಕೊಳ್ಳಬಹುದು.