ಸೋಲಾರ್ ಪೈಪಿನ ತೂತು, ಬಚ್ಚಲುಮನೆಯ ಕಲೆ

ಬಸವೇಶ್ವರನಗರದ ನಮ್ಮ ಮನೆಯಲ್ಲಿ ಮೇಲ್ಮಹಡಿಯ ಬಚ್ಚಲುಮನೆಯ ಚಾವಣಿಗೆ ಮೂರು ಮಳೆಗಾಲವೂ ಹಳದಿ ಕಲೆ ಬಂತು. ಸೋಲಾರ್ ಬಿಸಿನೀರಿನ ಪೈಪು ಮೋಲ್ಡ್ ತೂರಿ ಇಳಿಯುವ ಜಾಗ ಅದು. ಮೊದಲ ವರ್ಷ ಬಿಳಿ ಸಿಮೆಂಟ್ ಮೆತ್ತಿಸಿದೆ, ಎರಡನೇ ವರ್ಷ ಎಪಾಕ್ಸಿ ಪುಟ್ಟಿ, ಮೂರನೇ ವರ್ಷ ಡಾಂಬರು. ಮೂರೂ ಪೈಪಿನ ಸುತ್ತ ಬಳೆಯ ಹಾಗೆ ಬಿರುಕು ಬಿಟ್ಟವು.

ತಪ್ಪು ಸಾಮಾನಿನದಲ್ಲ. ಬಿಸಿನೀರಿನ ಪೈಪು ಒಂದೇ ಕಡೆ ನಿಲ್ಲುವುದಿಲ್ಲ. ಮೂರು ಮೀಟರ್ ಸಿಪಿವಿಸಿ ಪೈಪು 20 ಡಿಗ್ರಿಯಿಂದ 70 ಡಿಗ್ರಿಗೆ ಏರಿದರೆ ಹೆಚ್ಚುಕಡಿಮೆ 10 ಮಿಲಿಮೀಟರ್ ಉದ್ದವಾಗುತ್ತದೆ; ಅಷ್ಟೇ ಉದ್ದದ ಕಾಂಕ್ರೀಟ್ ಹಿಗ್ಗುವುದು ಒಂದೂವರೆ ಮಿಲಿಮೀಟರ್. ಬೆಳಿಗ್ಗೆ ನಲ್ಲಿ ತಿರುಗಿಸಿದಾಗಲೆಲ್ಲ ಪೈಪು ಗಾರೆಯನ್ನು ಒತ್ತಿ ಎಳೆಯುತ್ತದೆ. ಗಟ್ಟಿಯಾಗಿ ಹಿಡಿದದ್ದು ಬಿರಿಯಲೇಬೇಕು. ರಾಜಾಜಿನಗರ, ವಿಜಯನಗರದ ಹಳೇ ಮನೆಗಳಲ್ಲಿ ಈ ತೊಂದರೆ ಹೆಚ್ಚು: ಮನೆ ಕಟ್ಟಿ ಎಷ್ಟೋ ವರ್ಷದ ಮೇಲೆ ಸೋಲಾರ್ ಬಂದಿರುತ್ತದೆ, ಮೋಲ್ಡನ್ನು ಆಮೇಲೆ ಕೊರೆದಿರುತ್ತಾರೆ.

ಮೊದಲು ಸೋರುವುದು ಮಳೆನೀರೋ, ಪೈಪಿನ ನೀರೋ ನೋಡಿ. ಮಳೆಯಿಲ್ಲದ ವಾರದಲ್ಲೂ ಕಲೆ ಹಸಿಯಾಗಿದ್ದರೆ ಪೈಪಿನ ಜಾಯಿಂಟೇ ಹೋಗಿದೆ, ಪ್ಲಂಬರನ್ನು ಕರೆಸಿ. ಒಣಗಿದ್ದರೆ ತೂತಿನ ಸುತ್ತ ಒಂದು ಅಡಿ ಬಿಟ್ಟು ಮಣ್ಣಿನ ಕಟ್ಟೆ ಕಟ್ಟಿ ಎರಡು ಇಂಚು ನೀರು ನಿಲ್ಲಿಸಿ, ಒಂದು ದಿನ ಕಾಯಿರಿ. ತೇವ ಕಾಣಿಸಿದರೆ ದಾರಿ ಸಿಕ್ಕಿತು. ಕಾಣಿಸದಿದ್ದರೆ ಪೈಪಿನ ಮೇಲಿನ ಕಪ್ಪು ಸ್ಪಂಜಿಗೆ ಚೊಂಬಿನಿಂದ ನೀರು ಹಾಕಿ. ನಮ್ಮಲ್ಲಿ ಅರ್ಧ ಕಳ್ಳ ಅದೇ! ಬಿಸಿಲಿಗೆ ಹರಿದ ಸ್ಪಂಜು ಮಳೆನೀರನ್ನು ಒಳಗೊಳಗೇ ಇಳಿಸಿಕೊಂಡು ನೇರ ಬಚ್ಚಲಿಗೆ ತರುತ್ತಿತ್ತು. ಲೈಟಿನ ಬಳಿ ತೇವವಿದ್ದರೆ ಮೊದಲು ಮೇನ್ ಸ್ವಿಚ್ ಆರಿಸಿ.

ಕೆಲಸಕ್ಕೆ ಫೆಬ್ರವರಿ, ಮಾರ್ಚ್ ಒಳ್ಳೆಯದು, ಏಪ್ರಿಲ್ ಮಳೆ ಶುರುವಾಗುವ ಮುಂಚೆ. ಟ್ಯಾಂಕಿನಿಂದ ಬರುವ ಬಿಸಿನೀರಿನ ವಾಲ್ವ್ ಮುಚ್ಚಿದರೆ ಸಾಕು. ಟ್ಯಾಂಕ್ ಖಾಲಿ ಮಾಡಿಸಬೇಡಿ, ಬಿಸಿಲಿಗೆ ಕಾದ ಗಾಜಿನ ಕೊಳವೆಗೆ ತಣ್ಣೀರು ಬಿದ್ದರೆ ಒಡೆಯುತ್ತದೆ.

ತೂತಿನ ಸುತ್ತ ಒಂದು ಅಡಿ ಕೆಂಪು ಟೈಲ್ ತೆಗೆಸಿ, ಅದರ ಕೆಳಗಿನ ಇಟ್ಟಿಗೆಚೂರಿನ ಗಾರೆಯನ್ನೂ ಕೆರೆಸಿ ಮೋಲ್ಡ್ ಕಾಣುವಂತೆ ಮಾಡಿಸಿ. ಟೈಲಿನ ಮೇಲೆಯೇ ಬಳಿದರೆ ನೀರು ಅದರಡಿ ಹರಿದು ಬರುತ್ತದೆ. ಆಮೇಲೆ ಪೈಪನ್ನು ಕತ್ತರಿಸಿ, ಎರಡು ಇಂಚಿನ ಪಿವಿಸಿ ಪೈಪಿನ ತುಂಡನ್ನು ಸ್ಲೀವ್ ಆಗಿ ತೂತಿನಲ್ಲಿ ನಿಲ್ಲಿಸಬೇಕು. ಅದು ಮುಗಿದ ತಾರಸಿಗಿಂತ ಆರು ಇಂಚು ಮೇಲಿರಲಿ. ತೂತು ಸಣ್ಣದಾದರೆ ಸುತ್ತಿಗೆಯಲ್ಲಿ ಬಡಿಯದೆ ಕೋರ್ ಕಟಿಂಗ್ ಮಷಿನ್‌ನಿಂದ ಅಗಲ ಮಾಡಿಸಿ, ಕಂಬಿ ಸಿಕ್ಕರೆ ಕತ್ತರಿಸದೆ ಜಾಗ ಬದಲಿಸಿ.

ನುಣುಪಾದ ಪಿವಿಸಿಗೆ ಗಾರೆ ಅಂಟುವುದಿಲ್ಲ. ಸ್ಲೀವಿನ ಹೊರಮೈಯನ್ನು ಎಮರಿ ಪೇಪರಿನಲ್ಲಿ ಉಜ್ಜಿ, ಪೈಪ್ ಅಂಟಿಸುವ ಸೊಲ್ಯೂಷನ್ ಬಳಿದು, ಒಣ ಮರಳಿನಲ್ಲಿ ಉರುಳಿಸಿ. ಒಣಗಿದ ಮೇಲೆ ಸುತ್ತಲಿನ ಸಂದಿಗೆ ಕುಗ್ಗದ ಗ್ರೌಟ್ ತುಂಬಿ. ಬುಡದಲ್ಲಿ ಇಳಿಜಾರು ಗಾರೆ ಕೊಟ್ಟು, ನೀರು ಹಾಕಿ ಗಟ್ಟಿಯಾಗಿಸಿ, ಅದರ ಮೇಲೆ ಫೈಬರ್ ಮೆಶ್ ಇಟ್ಟು ಎರಡು ಕೋಟ್ ವಾಟರ್‌ಪ್ರೂಫಿಂಗ್ ಬಳಿಯಿರಿ. ಅದು ಸ್ಲೀವಿನ ಮೇಲೆ ನಾಲ್ಕು ಇಂಚು ಹತ್ತಿರಲಿ. ಟೈಲ್ ಮತ್ತೆ ಕೂರಿಸುವುದು ಅದಾದ ಮೇಲೆಯೇ.

ಇನ್ನು ಬಿಸಿನೀರಿನ ಪೈಪು. ಅದನ್ನು ಸ್ಲೀವಿಗೆ ಅಂಟಿಸಲೇಬಾರದು. ಮೂರು ಇಂಚಿನ ಎಂಡ್ ಕ್ಯಾಪ್ ಒಂದಕ್ಕೆ ನಡುವೆ ಪೈಪಿಗಿಂತ ತುಸು ದೊಡ್ಡ ತೂತು ಮಾಡಿ, ಬೋರಲಾಗಿ ಪೈಪಿಗೆ ಪೋಣಿಸಿ ಸ್ಲೀವಿನ ಬಾಯಿಗೆ ಕೊಡೆ ಹಿಡಿದ ಹಾಗೆ ನಿಲ್ಲಿಸಿ. ಪೈಪಿಗೂ ಕ್ಯಾಪಿಗೂ ನಡುವೆ ಮಾತ್ರ ಪಿಯು ಸೀಲಂಟ್. ಪೈಪು ಏರಿಳಿದರೆ ಕೊಡೆಯೂ ಜೊತೆಗೆ ಏರಿಳಿಯುತ್ತದೆ. ಕ್ಯಾಪನ್ನು ಪೈಪು ಜೋಡಿಸುವ ಮುಂಚೆ ಪೋಣಿಸಬೇಕು. ನಮ್ಮ ಪ್ಲಂಬರ್ ಮರೆತು ಎರಡನೇ ಸಲ ಕತ್ತರಿಸಿದ. ಸ್ಪಂಜನ್ನು ಕ್ಯಾಪಿನ ಬಳಿ ತುಂಡು ಮಾಡಿ, ಸ್ಲೀವಿನೊಳಗಿನದ್ದು ಬೇರೆ, ಮೇಲಿನದ್ದು ಬೇರೆ ಎನ್ನುವಂತಿರಲಿ. ಮೊದಲು ಸಿಲಿಕೋನ್ ಹಚ್ಚಿದ ಪೈಪಾದರೆ ಪೂರ್ತಿ ಕೆರೆದು ತೆಗೆಯಿರಿ, ಅದರ ಮೇಲೆ ಬೇರೇನೂ ಹಿಡಿಯುವುದಿಲ್ಲ.

ವೆಂಟ್ ಪೈಪು ಕಾಯುವುದು ಕಡಿಮೆ, ಅದಕ್ಕೆ ಮರಳು ಹಿಡಿಸಿದ ಮೈ, ಇಳಿಜಾರು ಗಾರೆ, ಮೆಶ್ ಇಷ್ಟು ಸಾಕು. ಕೇಬಲಿಗೆ ಮೋಲ್ಡ್ ಕೊರೆಯುವುದೇ ಬೇಡ. ಮೆಟ್ಟಿಲುಮನೆಯ ಗೋಡೆಯಲ್ಲಿ ಹೊರಗಡೆಗೆ ತಗ್ಗಾಗಿ ತೂತು ಮಾಡಿ, ಒಳಹೋಗುವ ಮುಂಚೆ ಕೇಬಲನ್ನು ಕೆಳಗೆ ಜೋತುಬಿಟ್ಟು ಬಾಗಿಸಿ. ನೀರು ಆ ಬಾಗಿನಿಂದಲೇ ತೊಟ್ಟಿಕ್ಕುತ್ತದೆ.

ಕೆಲಸ ಮುಗಿದ ವಾರದ ಮೇಲೆ ಅದೇ ಮಣ್ಣಿನ ಕಟ್ಟೆ ಕಟ್ಟಿ ಇನ್ನೊಮ್ಮೆ ನೀರು ನಿಲ್ಲಿಸಿ. ಗಾರೆಯವರಿಗೆ ಬಾಕಿ ಹಣ ಕೊಡುವುದು ಮಾರನೇ ದಿನ, ಬಚ್ಚಲಿನ ಚಾವಣಿ ಮುಟ್ಟಿ ನೋಡಿದ ಮೇಲೆ.