ಕುರ್ಚಿ ಎಲ್ಲಿತ್ತು ಎಂಬುದನ್ನೂ ಬರೆಯಿರಿ

ಸಹಭಾಗಿ ಅವಲೋಕನದ ಅಸೈನ್‌ಮೆಂಟುಗಳ ಕೊನೆಯಲ್ಲಿ ಒಂದೇ ಅಚ್ಚಿನ ಪ್ಯಾರಾ ಇರುತ್ತದೆ: 'ನಾನು ನಗರದವಳು, ಪದವೀಧರೆ. ಹೀಗಾಗಿ ನನ್ನ ಪೂರ್ವಗ್ರಹ ಅಧ್ಯಯನದ ಮೇಲೆ ಪರಿಣಾಮ ಬೀರಿರಬಹುದು.' ಯಾವ ತೀರ್ಮಾನದ ಮೇಲೆ ಬೀರಿತು ಎಂದು ಹುಡುಕಿದರೆ ಸಿಗುವುದಿಲ್ಲ. ಇದು ರಿಫ್ಲೆಕ್ಸಿವಿಟಿಯಲ್ಲ, ಬಯೋಡೇಟಾ. ಅಲ್ಲಿನ ಜನ ನಮ್ಮನ್ನು ಯಾರೆಂದುಕೊಂಡರು, ಅದರಿಂದ ನಮಗೆ ಏನು ಕಂಡಿತು, ಏನು ಮರೆಯಾಯಿತು ಎಂದು ಪ್ರತಿ ತೀರ್ಮಾನಕ್ಕೂ ಕೇಳಿಕೊಳ್ಳಬೇಕು. ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಕ್ಷೇತ್ರಕಾರ್ಯ ಮಾಡಿದಾಗ ಊರಿನವರಿಗೆ ಅವರು ಬ್ರಾಹ್ಮಣರು, ಊರ ಮುಖಂಡರ ಅತಿಥಿ. ಹಳ್ಳಿ ಅವರಿಗೆ ತೆರೆದುಕೊಂಡದ್ದೂ ಆ ಬಾಗಿಲಿನಿಂದಲೇ. 1976ರ 'ದಿ ರಿಮೆಂಬರ್ಡ್ ವಿಲೇಜ್' ಓದಿದರೆ ಇದು ತಿಳಿಯುತ್ತದೆ.

ಮೊದಲ ಕೆಲಸ ಟಿಪ್ಪಣಿಯದು. ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಕಂಡದ್ದು, ಕೇಳಿದ್ದು. ಬಲಕ್ಕೆ ನಿಮಗೆ ಅನ್ನಿಸಿದ್ದು. 'ಡೇರಿ ಕಾರ್ಯದರ್ಶಿ ದರ್ಪ ತೋರಿಸಿದ' ಎಂಬುದು ಬಲಗಡೆಯ ಮಾತು. 'ತಲೆ ಎತ್ತದೆ ಕ್ಯಾನು ತಳ್ಳಿದ' ಎಂಬುದು ಎಡಗಡೆಯದು. ಅದೇ ರಾತ್ರಿ ಬರೆದು ಮುಗಿಸಿ, ಮರುದಿನಕ್ಕೆ ಉಳಿದರೆ ಎರಡೂ ಕಲಸಿಹೋಗುತ್ತವೆ.

ಬಹಳ ಜನ ಎಡವುವುದು ಇದರ ನಂತರ. ಹಾಲಿನ ಡೇರಿಯನ್ನು ಗಮನಿಸಲು ಹೋದ ವಿದ್ಯಾರ್ಥಿನಿಯೊಬ್ಬಳು 'ಹೆಂಗಸರು ಫ್ಯಾಟ್ ಬಗ್ಗೆ ಪ್ರಶ್ನೆ ಮಾಡುವುದಿಲ್ಲ' ಎಂದು ಬರೆದಳು ಅನ್ನಿ. ಅವಳು ಕೂತದ್ದೆಲ್ಲಿ? ಕಾರ್ಯದರ್ಶಿ ತಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಸಿದ್ದರು. ಕೈಯಲ್ಲಿ ಪುಸ್ತಕ, ಪೆನ್ನು. ಹಾಲು ಹಾಕಲು ಬಂದವರಿಗೆ ಅವಳು ಆಫೀಸಿನವಳಂತೆ ಕಂಡಿರುತ್ತಾಳೆ. ಹಾಗಾದರೆ ಆ ಮೌನ ಹೆಂಗಸರದೋ, ಕುರ್ಚಿ ತಂದದ್ದೋ?

ಜಾಗ ಬದಲಿಸಿದರೆ ಗೊತ್ತಾಗುತ್ತದೆ. ಸಂಜೆ ಪಾಳಿಗೆ, ಪುಸ್ತಕವಿಲ್ಲದೆ, ಕ್ಯೂ ಪಕ್ಕ ನಿಲ್ಲಲಿ. 'ಅದೇ ಹಸು, ಅದೇ ಮೇವು, ಇವತ್ತು ಫ್ಯಾಟ್ ಹೆಂಗಮ್ಮ ಇಳೀತು?' ಎಂಬ ಮಾತು ಕಿವಿಗೆ ಬಿದ್ದರೆ ವಾಕ್ಯ ತಿದ್ದಬೇಕು: 'ಕಾರ್ಯದರ್ಶಿಯ ಮುಂದೆ ಹೆಂಗಸರು ಫ್ಯಾಟ್ ಬಗ್ಗೆ ಕೇಳಲಿಲ್ಲ, ಸಾಲಿನಲ್ಲಿ ತಮ್ಮತಮ್ಮಲ್ಲೇ ಆಡಿಕೊಂಡರು. ಮೊದಲನೆಯದನ್ನು ನಾನು ನೋಡಿದ್ದು ಕಾರ್ಯದರ್ಶಿಯ ಪಕ್ಕ ಕೂತು.' ಅಲ್ಲೂ ಮೌನವೇ ಇದ್ದರೆ ಮೊದಲಿನ ತೀರ್ಮಾನಕ್ಕೆ ಬಲ ಬಂತು. ಆದರೆ ಅವಳು ಅಲ್ಲಿ ನಿಂತದ್ದೂ ಒಂದು ಜಾಗವೇ. ಪೂರ್ವಗ್ರಹ ಶೂನ್ಯವಾಗುವ ಮೂಲೆ ಯಾವ ಡೇರಿಯಲ್ಲೂ ಇಲ್ಲ, ಹುಡುಕಲೂ ಹೋಗಬೇಡಿ.

ಹೀಗೆ ತಿದ್ದಿದ ಒಂದೆರಡು ವಾಕ್ಯಗಳನ್ನು ಹಳೆಯ ರೂಪದ ಸಮೇತ ವರದಿಯಲ್ಲಿ ಕೊಡಿ. ನಿಮ್ಮ ಜಾತಿ, ಊರು, ಓದು ಆ ವಾಕ್ಯಕ್ಕೆ ಸಂಬಂಧಪಟ್ಟಿದ್ದರೆ ಮಾತ್ರ ಹೇಳಿದರೆ ಸಾಕು. ಹೆಸರು ಬದಲಿಸುವುದನ್ನು ಮರೆಯಬೇಡಿ. ಡೇರಿಗೆ ಕಾರ್ಯದರ್ಶಿ ಒಬ್ಬರೇ ಇರುವುದರಿಂದ ಊರಿನ ಹೆಸರನ್ನೂ ಬದಲಿಸಬೇಕಾಗುತ್ತದೆ.