ಹಳೆಯ ವೈರಿಂಗಿನಲ್ಲಿ ಇಂಟರ್ನೆಟ್‌ನ ದಾರಿ

ಪವರ್‌ಲೈನ್ ಅಡಾಪ್ಟರ್ ಕೊಳ್ಳುವ ಮೊದಲು ಮನೆಯ ಮೀಟರ್ ಬೋರ್ಡಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಸಾಗರದಲ್ಲಿರುವ ಅಕ್ಕನ ಮನೆಯಲ್ಲಿ ಅದನ್ನು ಅಳವಡಿಸುವಾಗ ನಾನು ಕಲಿತದ್ದು ಇದು. ಆ ಸಾಧನ ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂಬುದು ಡಬ್ಬಿಯ ಮೇಲಿನ ಅಂಕಿಗಿಂತ ಹೆಚ್ಚಾಗಿ ಆ ಬೋರ್ಡಿನಲ್ಲಿ ತೀರ್ಮಾನವಾಗುತ್ತದೆ.

ಅಕ್ಕನ ಮನೆ ಜಂಬಿಟ್ಟಿಗೆಯದು, ಒಳಗೋಡೆಗಳೂ ಒಂದೂವರೆ ಅಡಿ ದಪ್ಪ. ಫೈಬರ್ ಸಂಪರ್ಕ ಬಂದಿರುವುದು ಜಗಲಿಯ ಪಕ್ಕದ ಕೋಣೆಗೆ. ಮನೆಯಿಂದಲೇ ಕಚೇರಿ ಕೆಲಸ ಮಾಡುವ ಅಕ್ಕನ ಮಗ ಕೂರುವುದು ಹಿಂಬದಿಯಲ್ಲಿ, ಅಡುಗೆಮನೆಯ ಮೇಲೆ ಆಮೇಲೆ ಕಟ್ಟಿಸಿದ ಮಹಡಿ ಕೋಣೆಯಲ್ಲಿ. ವೈಫೈ ನಡುಮನೆ ದಾಟುವಷ್ಟರಲ್ಲೇ ಸೊರಗುತ್ತಿತ್ತು. ಗೋಡೆ ಕೊರೆದು ಕೇಬಲ್ ಎಳೆಸಲು ಭಾವನಿಗೆ ಮನಸ್ಸಿರಲಿಲ್ಲ. ಇರುವ ಕರೆಂಟಿನ ತಂತಿಯಲ್ಲೇ ಇಂಟರ್ನೆಟ್ ಕಳಿಸುವ ಅಡಾಪ್ಟರ್ ಜೋಡಿಯ ಮಾತು ಬಂದದ್ದು ಹಾಗೆ.

ಒಂದು ಅಡಾಪ್ಟರನ್ನು ರೂಟರ್ ಪಕ್ಕದ ಪ್ಲಗ್ ಪಾಯಿಂಟಿಗೆ ಹಾಕಿ ರೂಟರಿಗೆ ನೆಟ್‌ವರ್ಕ್ ಕೇಬಲ್ ಜೋಡಿಸುತ್ತೇವೆ. ಇನ್ನೊಂದನ್ನು ಬೇಕಾದ ಕೋಣೆಯ ಪ್ಲಗ್ ಪಾಯಿಂಟಿಗೆ ಹಾಕಿ ಲ್ಯಾಪ್‌ಟಾಪಿಗೆ ಕೇಬಲ್ ಕೊಡುತ್ತೇವೆ. ನಮ್ಮ ಮನೆಗಳ ಕರೆಂಟು 50 ಹರ್ಟ್ಸ್‌ನದು. ಅಡಾಪ್ಟರು ಅದೇ ತಂತಿಯಲ್ಲಿ 2 ಮೆಗಾಹರ್ಟ್ಸ್‌ಗೂ ಮೇಲಿನ, ತೀರಾ ದುರ್ಬಲವಾದ ಸಂಕೇತವನ್ನು ಬಿಡುತ್ತದೆ. ಎರಡರ ನಡುವೆ ಅಷ್ಟು ಅಂತರ ಇರುವುದರಿಂದ ಒಂದಕ್ಕೊಂದು ಅಡ್ಡಿಯಾಗುವುದಿಲ್ಲ. ಆದರೆ ಕರೆಂಟಿಗಾಗಿ ಎಳೆದ ತಂತಿ ಈ ಸಂಕೇತವನ್ನು ಸಾಗಿಸಲೆಂದು ಮಾಡಿದ್ದಲ್ಲ. ದಾರಿಯುದ್ದಕ್ಕೂ ಅದು ಸೋರುತ್ತಾ ಹೋಗುತ್ತದೆ.

ಮೊದಲು ಡಬ್ಬಿಯ ಮೇಲಿನ ಅಂಕಿಯ ವಿಷಯ. 600 ಎಂದು ಬರೆದಿದ್ದರೆ ಅದು ಹೋಗುವ ಬರುವ ಎರಡೂ ದಿಕ್ಕುಗಳನ್ನು ಸೇರಿಸಿದ, ತಪ್ಪು ತಿದ್ದುವ ಹೆಚ್ಚುವರಿ ಮಾಹಿತಿಯನ್ನೂ ಒಳಗೊಂಡ ಕಚ್ಚಾ ವೇಗ. ಒಳ್ಳೆಯ ವೈರಿಂಗಿನಲ್ಲೂ ಕೈಗೆ ಸಿಗುವುದು ಅದರ ಒಂದು ಪಾಲು ಮಾತ್ರ. ಇನ್ನೊಂದು ಸಂಗತಿಯೂ ಇದೆ. ಈ ದರ್ಜೆಯ ಬಹಳಷ್ಟು ಅಡಾಪ್ಟರುಗಳಲ್ಲಿ ಇರುವುದು 100 ಎಂಬಿಪಿಎಸ್‌ನ ಪೋರ್ಟ್. ತಂತಿಯಲ್ಲಿ ಎಷ್ಟೇ ಬಂದರೂ ಆ ಪೋರ್ಟಿನಿಂದ ಆಚೆ 95ರ ಆಸುಪಾಸಿಗಿಂತ ಹೆಚ್ಚು ಬರಲಾರದು. ನಾವು ತಂದದ್ದೂ ಅಂಥದ್ದೇ. ಕಚೇರಿ ಕೆಲಸಕ್ಕೆ, ವಿಡಿಯೊ ಮೀಟಿಂಗಿಗೆ ಅಷ್ಟು ಧಾರಾಳ ಸಾಕು.

ಅಳೆಯುವಾಗ ಇಂಟರ್ನೆಟ್ ವೇಗದ ತಾಣಗಳನ್ನು ನಾನು ನಂಬಲಿಲ್ಲ. ಆ ಹೊತ್ತಿನಲ್ಲಿ ಹೊರಗಿನ ಸಂಪರ್ಕವೇ ನಿಧಾನವಿದ್ದರೆ ತಪ್ಪು ಯಾರದೆಂದು ಗೊತ್ತಾಗುವುದಿಲ್ಲ. ಬದಲಿಗೆ ರೂಟರಿಗೆ ಕೇಬಲ್‌ನಲ್ಲಿ ಜೋಡಿಸಿದ ಒಂದು ಕಂಪ್ಯೂಟರ್, ಅಡಾಪ್ಟರಿನ ಆ ತುದಿಯಲ್ಲಿ ಇನ್ನೊಂದು ಕಂಪ್ಯೂಟರ್ ಇಟ್ಟು, ಅವೆರಡರ ನಡುವಿನ ವೇಗವನ್ನು ಮಾತ್ರ ಅಳೆದೆವು. ಮೊದಲ ಸಾಲು ರೂಟರ್ ಪಕ್ಕದ ಕಂಪ್ಯೂಟರಿನಲ್ಲಿ, ಎರಡನೆಯದು ಆ ತುದಿಯದರಲ್ಲಿ:

```
iperf3 -s
iperf3 -c 192.168.1.20 -t 60
```

ಎರಡನೇ ಸಾಲಿನ ವಿಳಾಸದ ಜಾಗದಲ್ಲಿ ಮೊದಲ ಕಂಪ್ಯೂಟರಿನ ವಿಳಾಸ ಹಾಕಬೇಕು. ಒಂದು ನಿಮಿಷ ಓಡಲು ಬಿಟ್ಟರೆ ಸರಾಸರಿಯ ಜೊತೆಗೆ ಪ್ರತಿ ಸೆಕೆಂಡಿನ ಅಂಕಿಯೂ ಕಾಣುತ್ತದೆ. ಮೀಟಿಂಗ್ ಕಡಿಯುವುದು ಕಡಿಮೆ ಸರಾಸರಿಯಿಂದಲ್ಲ, ನಡುನಡುವೆ ಸೊನ್ನೆಗೆ ಬೀಳುವ ಸೆಕೆಂಡುಗಳಿಂದ.

ಮೊದಲು ಎರಡೂ ಅಡಾಪ್ಟರುಗಳನ್ನು ಜಗಲಿ ಕೋಣೆಯ ಒಂದೇ ಬೋರ್ಡಿಗೆ ಹಾಕಿ ಅಳೆದೆವು. ಸುಮಾರು 90 ಬಂತು. ಅಲ್ಲಿಗೆ ಸಾಧನ ಸರಿಯಿದೆ ಎಂಬುದು ಖಾತ್ರಿಯಾಯಿತು. ಈ ಹೆಜ್ಜೆಯನ್ನು ಯಾರೂ ಬಿಡಬಾರದು, ಮುಂದೆ ಬರುವ ಪ್ರತಿ ಅಂಕಿಯನ್ನೂ ಇದಕ್ಕೇ ಹೋಲಿಸಿ ನೋಡಬೇಕಾಗುತ್ತದೆ. ಆಮೇಲೆ ಒಂದನ್ನು ಮಹಡಿಗೆ ಒಯ್ದೆವು. ವೇಗ ಏಳೆಂಟಕ್ಕೆ ಇಳಿಯಿತು, ಆಗಾಗ ಸೊನ್ನೆ. ಆದರೆ ಮಹಡಿಯ ಕೆಳಗಿನ ಅಡುಗೆಮನೆಯಲ್ಲಿ ಅಳೆದರೆ ಐವತ್ತರ ಮೇಲಿತ್ತು. ಎರಡು ಜಾಗಗಳ ನಡುವೆ ಇದ್ದದ್ದು ಒಂದು ಸ್ಲ್ಯಾಬ್ ಮಾತ್ರ.

ಮಹಡಿಯ ವೈರಿಂಗ್ ಮಾಡಿದ್ದ ವೈರ್‌ಮನ್ನನ್ನೇ ಭಾವ ಕರೆಸಿದರು. ಅವರು ಬೋರ್ಡ್ ತೆರೆದು ನೋಡಿ ಹೇಳಿದರು: “ಇವೆರಡೂ ಬೇರೆ ಬೇರೆ ಫೇಸ್ ಸರ್. ಮಹಡಿ ಕಟ್ಟಿದಾಗ ಗೀಸರ್ ಬೇಕು ಅಂದ್ರು, ಅದಕ್ಕೆ ಮೂರನೇ ಫೇಸ್‌ನಿಂದ ಬೇರೆ ಲೈನ್ ಎಳೆದಿದ್ದೆ. ಅಡುಗೆಮನೆ ಹಳೇ ಲೈನಲ್ಲೇ ಇದೆ.”

ಗುಟ್ಟು ಇರುವುದು ಅಲ್ಲಿ. ಅಡಾಪ್ಟರಿಗೆ ಗೋಡೆ, ಸ್ಲ್ಯಾಬ್ ಲೆಕ್ಕಕ್ಕೇ ಇಲ್ಲ. ಅದಕ್ಕೆ ಗೊತ್ತಿರುವುದು ತಂತಿಯ ದಾರಿ ಒಂದೇ. ಅಡುಗೆಮನೆಯಿಂದ ಮಹಡಿಗೆ ಹತ್ತು ಅಡಿ, ಆದರೆ ಸಂಕೇತ ಅಡುಗೆಮನೆಯಿಂದ ಮೀಟರ್ ಬೋರ್ಡಿನವರೆಗೆ ಹೋಗಿ, ಅಲ್ಲಿಂದ ಮಹಡಿಯ ಲೈನ್ ಹಿಡಿದು ಬರಬೇಕು. ಹಿತ್ತಿಲ ಬಾಗಿಲಿನ ನೆರೆಮನೆಗೆ ಊರಬಾಗಿಲು ಸುತ್ತಿ ಹೋದ ಹಾಗೆ. ಅದೂ ಒಂದೇ ಫೇಸ್ ಆದರೆ ದೂರದ ದಾರಿಯಾದರೂ ದಾರಿ ಇದೆ. ಬೇರೆ ಫೇಸ್ ಆದರೆ ಮನೆಯೊಳಗೆ ಆ ಎರಡು ತಂತಿಗಳು ಎಲ್ಲೂ ಕೂಡುವುದೇ ಇಲ್ಲ. ಬೋರ್ಡಿನಲ್ಲಿ, ಪೈಪಿನಲ್ಲಿ ಅವು ಪಕ್ಕಪಕ್ಕ ಸಾಗುವ ಕಡೆ ಸ್ವಲ್ಪ ಸಂಕೇತ ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ. ನಮಗೆ ಮಹಡಿಯಲ್ಲಿ ಸಿಕ್ಕ ಏಳೆಂಟು ಬಂದದ್ದು ಹಾಗೆ.

ಫೇಸ್ ಬೇರೆಯೇ ಎಂದು ತಿಳಿಯಲು ಬೋರ್ಡಿಗೆ ಕೈ ಹಾಕಬೇಕಾಗಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಒಂದು ಫೇಸ್ ಹೋಗುವುದು ಎಲ್ಲರಿಗೂ ಗೊತ್ತು. ಜಗಲಿ ಕತ್ತಲಾದಾಗಲೂ ಮಹಡಿಯ ದೀಪ ಉರಿಯುತ್ತಿತ್ತೇ ಎಂದು ಕೇಳಿದೆ. “ಹೌದಲ್ಲ, ಯಾವಾಗಲೂ” ಎಂದಳು ಅಕ್ಕ. ಆ ಉತ್ತರವೇ ಸಾಕಾಗಿತ್ತು. ವೈರ್‌ಮನ್ ಬೋರ್ಡಿನಲ್ಲೇ ಎರಡು ಲೈನುಗಳ ನಡುವೆ ಮಲ್ಟಿಮೀಟರ್ ಹಿಡಿದು ತೋರಿಸಿದರು: ಒಂದೇ ಫೇಸ್ ಆಗಿದ್ದರೆ ಸೊನ್ನೆಯ ಹತ್ತಿರ ಇರಬೇಕಾದದ್ದು 400 ವೋಲ್ಟ್ ದಾಟಿತ್ತು. ಈ ಪರೀಕ್ಷೆ ವೈರ್‌ಮನ್ ಕೈಯಲ್ಲೇ ಆಗಬೇಕು.

ಗೀಸರನ್ನು ಅದರ ಫೇಸಿನಲ್ಲೇ ಉಳಿಸಿ, ಮಹಡಿಯ ದೀಪ, ಫ್ಯಾನು, ಪ್ಲಗ್ ಪಾಯಿಂಟಿನ ಲೈನನ್ನು ಮಾತ್ರ ಜಗಲಿಯ ಫೇಸಿಗೆ ಬದಲಿಸಿಕೊಟ್ಟರು. ಅವುಗಳ ಲೋಡ್ ಅತ್ಯಲ್ಪವಾದ್ದರಿಂದ ಅದು ಸಾಧ್ಯವಾಯಿತು. ಭಾರದ ಲೈನ್ ಆಗಿದ್ದರೆ ಫೇಸುಗಳ ಸಮತೋಲ ತಪ್ಪುತ್ತಿತ್ತು. ವೇಗ 45ಕ್ಕೆ ಏರಿತು, ಸೊನ್ನೆಗಳು ಮಾಯವಾದವು.

ಎರಡನೇ ತೊಡಕು ಯುಪಿಎಸ್‌ನದು. ಕರೆಂಟು ಹೋದಾಗಲೂ ಇಂಟರ್ನೆಟ್ ಇರಲೆಂದು ರೂಟರನ್ನು ಯುಪಿಎಸ್ ಲೈನಿನ ಪಾಯಿಂಟಿಗೆ ಹಾಕಿರುವುದು ನಮ್ಮೆಲ್ಲರ ಮನೆಯ ರೂಢಿ. ಅಡಾಪ್ಟರನ್ನೂ ಅದೇ ಬೋರ್ಡಿಗೆ ಹಾಕಿ, ಇನ್ನೊಂದನ್ನು ಸಾದಾ ಲೈನಿಗೆ ಹಾಕಿದರೆ ಸಂಕೇತ ಯುಪಿಎಸ್ ಪೆಟ್ಟಿಗೆಯೊಳಗಿನ ರಿಲೇ, ಫಿಲ್ಟರುಗಳನ್ನು ಹಾದು ಹೋಗಬೇಕಾಗುತ್ತದೆ, ಅರ್ಧಕ್ಕರ್ಧ ಅಲ್ಲೇ ಕರಗುತ್ತದೆ. ಮಹಡಿಗೂ ಯುಪಿಎಸ್ ಲೈನಿನ ಒಂದು ಪಾಯಿಂಟ್ ಎಳೆಸಿ, ಎರಡೂ ಅಡಾಪ್ಟರುಗಳನ್ನು ಆ ಒಂದೇ ಲೈನಿಗೆ ತಂದಾಗ ವೇಗ 60ರ ಹತ್ತಿರ ನಿಂತಿತು. ಕರೆಂಟು ಹೋಗಿ ಬ್ಯಾಟರಿಯಲ್ಲಿ ಓಡುವಾಗ ಯುಪಿಎಸ್ ತಾನೇ ಗಲಭೆ ಹುಟ್ಟಿಸುವುದರಿಂದ ಮೂವತ್ತೈದರ ಆಸುಪಾಸಿಗೆ ಇಳಿಯುತ್ತದೆ, ಆದರೆ ಮೀಟಿಂಗ್ ಕಡಿಯುವುದಿಲ್ಲ.

ಇನ್ನು ಪ್ಲಗ್ ಪಾಯಿಂಟಿನ ಬಳಿ ನಡೆಯುವ ಕಳವು. ಸ್ಪೈಕ್ ಬಸ್ಟರ್ ಹಾಕಿ ಅದರಲ್ಲಿ ಅಡಾಪ್ಟರ್ ಸಿಕ್ಕಿಸಿದರೆ ವೇಗ ಬೀಳುತ್ತದೆ. ಫಿಲ್ಟರ್ ಇರುವ ಸ್ಪೈಕ್ ಬಸ್ಟರಿನ ಕೆಲಸವೇ ತಂತಿಯಲ್ಲಿ ಬರುವ ಹೆಚ್ಚಿನ ಆವರ್ತನದ ಗಲಭೆಯನ್ನು ನುಂಗುವುದು. ಅಡಾಪ್ಟರಿನ ಸಂಕೇತವೂ ಅದರ ಕಣ್ಣಿಗೆ ಗಲಭೆಯೇ. ಹಾಗಾಗಿ ಅಡಾಪ್ಟರ್ ನೇರ ಗೋಡೆಯ ಪಾಯಿಂಟಿಗೇ ಬೀಳಬೇಕು. ಪಕ್ಕದಲ್ಲಿ ಫೋನಿನ ಅಗ್ಗದ ಚಾರ್ಜರ್ ಹಾಕಿದಾಗ ಅರವತ್ತು ಇದ್ದದ್ದು ಮೂವತ್ತಾದದ್ದನ್ನು ನೋಡಿದೆ. ಅದನ್ನು ಬೇರೆ ಬೋರ್ಡಿಗೆ ಸರಿಸಿದ ಕೂಡಲೇ ಮರಳಿತು. ಅಡುಗೆಮನೆಯಲ್ಲಿ ಮಿಕ್ಸಿ ತಿರುಗುವಾಗಲೂ ಇಳಿತ ಕಾಣುತ್ತದೆ, ಆದರೆ ಅದು ಚಟ್ನಿ ಆಗುವವರೆಗೆ ಮಾತ್ರ. ಯಾವ ಉಪಕರಣ ಕಾರಣ ಎಂದು ಹಿಡಿಯಲು iperf3 ಓಡಿಸಿಟ್ಟು ಒಂದೊಂದೇ ಸ್ವಿಚ್ ಹಾಕಿ ತೆಗೆದು ನೋಡಿದರಾಯಿತು.

ಹಳೆಯ ವೈರಿಂಗ್ ಎಂದ ಮಾತ್ರಕ್ಕೆ ಕೆಟ್ಟದ್ದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ಎಳೆದ ಜಗಲಿಯ ವೈರಿಂಗಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಉದ್ದಕ್ಕೂ ಜೊತೆಜೊತೆಯಾಗಿ ಸಾಗುತ್ತವೆ, ಸಂಕೇತಕ್ಕೆ ಅದು ಒಳ್ಳೆಯದೇ. ಕೆಡಿಸುವುದು ನಡುವಿನ ಜೋಡಣೆಗಳು. ತಂತಿಗಳನ್ನು ತಿರುಚಿ ಟೇಪ್ ಸುತ್ತಿದ ಜಾಯಿಂಟು, ಸ್ಕ್ರೂ ಸಡಿಲಾದ ಟರ್ಮಿನಲ್, ಮಸಿ ಹಿಡಿದ ಪಿಂಗಾಣಿ ಫ್ಯೂಸು. ಫ್ಯಾನ್ ಹಾಕಿದಾಗ ದೀಪ ಮಿನುಗುವುದು, ಬೋರ್ಡಿನಿಂದ ಚಿಟಿಚಿಟಿ ಸದ್ದು ಬರುವುದು, ಪ್ಲಗ್ ಪಾಯಿಂಟ್ ಮುಟ್ಟಿದರೆ ಬಿಸಿಯಿರುವುದು ಇವುಗಳ ಗುರುತು. ಅಂಥ ಕಡೆ ಅಡಾಪ್ಟರ್ ತಡವರಿಸುವುದು ಸಣ್ಣ ವಿಷಯ, ಬೆಂಕಿಯ ಭಯ ದೊಡ್ಡದು. ಮೊದಲು ಅದನ್ನು ಸರಿಪಡಿಸಬೇಕು.

ಅರ್ಥಿಂಗ್ ಇಲ್ಲದ ಎರಡು ತಂತಿಯ ಪಾಯಿಂಟುಗಳಿದ್ದರೆ ದುಬಾರಿ ಮಾದರಿಗೆ ದುಡ್ಡು ಸುರಿಯುವುದು ವ್ಯರ್ಥ. 1200, 2000 ಎಂದು ಹೇಳಿಕೊಳ್ಳುವ ಎವಿ2 ಅಡಾಪ್ಟರುಗಳು ಆ ವೇಗ ಮುಟ್ಟಲು ಅರ್ಥ್ ತಂತಿಯನ್ನೂ ಬಳಸುತ್ತವೆ. ಆ ತಂತಿ ಇಲ್ಲದಿದ್ದರೆ ಅವು ಎರಡೇ ತಂತಿಯ ಮೇಲೆ ನಡೆಯುತ್ತವೆ, ಹೆಚ್ಚು ಕೊಟ್ಟ ಹಣಕ್ಕೆ ತಕ್ಕ ವೇಗ ಕೊಡುವುದಿಲ್ಲ.

ಈಗ ಯಾರಾದರೂ ಕೇಳಿದರೆ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಒಂದು ಫೇಸ್ ಹೋದಾಗ ಎರಡೂ ಕೋಣೆಗಳು ಒಟ್ಟಿಗೇ ಕತ್ತಲಾಗುತ್ತವೆಯೇ? ಎರಡೂ ಪಾಯಿಂಟುಗಳು ಯುಪಿಎಸ್ ಲೈನಿನಲ್ಲಿವೆಯೇ, ಅಥವಾ ಎರಡೂ ಅದರ ಹೊರಗಿವೆಯೇ? ಎರಡೂ ಕಡೆ ಗೋಡೆಯ ಪಾಯಿಂಟ್ ಖಾಲಿ ಇದೆಯೇ? ಮೂರಕ್ಕೂ ಹೌದು ಎಂದರೆ ತರಬಹುದು, ಅದೂ ವಾಪಸ್ ತೆಗೆದುಕೊಳ್ಳುವ ಅಂಗಡಿಯಿಂದ. ಮೊದಲನೆಯದಕ್ಕೇ ಇಲ್ಲ ಎಂದು ಬಂದರೆ, ಲೈನ್ ಬದಲಿಸಲು ವೈರ್‌ಮನ್ ಒಪ್ಪದಿದ್ದರೆ, ಅಡಾಪ್ಟರ್ ಬೇಡ. ಸೂರಿನ ಕೆಳಗಿನಿಂದ ಹೊರಗೋಡೆಗುಂಟ ಒಂದು ನೆಟ್‌ವರ್ಕ್ ಕೇಬಲ್ ಎಳೆಸಿ. ಅದು 100 ಮೀಟರಿನೊಳಗೆ ಹೇಳಿದ ವೇಗವನ್ನು ಹೇಳಿದಷ್ಟೇ ಕೊಡುತ್ತದೆ, ಮನೆಯಲ್ಲಿ ಯಾವ ಸ್ವಿಚ್ ಹಾಕಿದರೂ ಬದಲಾಗುವುದಿಲ್ಲ.